ಪರಿಹಾರ ಬೋಧನೆ ಮುಗೀತು, ಅಂಕ ಡಬಲ್ ಆಯ್ತು, ಆದ್ರೆ ಭಾಗಾಕಾರ ಇನ್ನೂ ಬರ್ತಿಲ್ಲ. ತಪ್ಪು ಎಲ್ಲಿದೆ?

ಸೀಮೆಸುಣ್ಣ
ಆರನೇ ಕ್ಲಾಸಿಗೆ ಗಣಿತ ತಗೊಳ್ತೀನಿ, 36 ಮಕ್ಕಳು. ಕೋವಿಡ್‌ಗೆ ಶಾಲೆ ಮುಚ್ಚಿದಾಗ ಒಂದನೇ ಕ್ಲಾಸಲ್ಲಿ ಕೂರಬೇಕಿದ್ದ ಬ್ಯಾಚ್ ಇದು, ಅಂದ್ರೆ ಒಂದನೇ ಕ್ಲಾಸನ್ನ ನೋಡದೇನೇ ಮುಂದೆ ಬಂದವರು. ವರ್ಷದ ಶುರುವಲ್ಲಿ 25 ಅಂಕದ ಪೂರ್ವ ಪರೀಕ್ಷೆ ಕೊಟ್ಟೆ. ತುಂಬ ಕಮ್ಮಿ ತಗೊಂಡ 22 ಮಕ್ಕಳನ್ನ ಬೇರೆ ಮಾಡಿ ಆರು ವಾರ, ದಿನಾ 40 ನಿಮಿಷ ಪರಿಹಾರ ಬೋಧನೆ ಮಾಡಿದೆ. ಕೂಡೋದು, ದಶಕ ತಗೊಂಡು ಕಳೆಯೋದು, ಮಗ್ಗಿ, ಭಾಗಾಕಾರ, ಎಲ್ಲಾ ಇನ್ನೊಂದ್ಸಲ. ಕೊನೆಗೆ ಅದೇ ಪತ್ರಿಕೆಯನ್ನ ಸಂಖ್ಯೆ ಮಾತ್ರ ಬದಲಾಯಿಸಿ ಕೊಟ್ಟೆ. ಆ 22 ಮಕ್ಕಳ ಸರಾಸರಿ 6 ಇದ್ದದ್ದು 12 ಆಯ್ತು. ಎಲ್ರಿಗೂ ಖುಷಿ, ವರದಿನೂ ಹೋಯ್ತು.

ಈಗ ಪಠ್ಯದಲ್ಲಿ ಭಿನ್ನರಾಶಿ ಶುರು ಮಾಡಿದೀನಿ. ಬೋರ್ಡ್ ಮೇಲೆ ಒಂದು ಸಾಮಾನ್ಯ ಭಾಗಾಕಾರ ಬರೆದ್ರೆ ಆ 22ರಲ್ಲಿ ಯಾರೂ ಮುಟ್ಟೋಲ್ಲ. ಅಂಕ ಏರಿದ್ದು ಸುಳ್ಳಲ್ಲ, ನಾನೇ ತಿದ್ದಿದ್ದು. ಹಾಗಾದ್ರೆ ಆರು ವಾರದಲ್ಲಿ ನಿಜವಾಗ್ಲೂ ಏನು ವಾಪಸ್ ಬಂತು? ಅಳೆದ ರೀತಿ ತಪ್ಪಾ, ಕಲಿಸಿದ ರೀತಿ ತಪ್ಪಾ? ಅನುಭವ ಇರೋರು ದಯವಿಟ್ಟು ಹೇಳಿ, ರಾತ್ರಿ ನಿದ್ದೆ ಬರ್ತಿಲ್ಲ.

ಎರಡು ಮಕ್ಕಳ ಅಪ್ಪ
ಮೊಬೈಲ್ ಮೇಡಂ. ಆನ್‌ಲೈನ್ ಕ್ಲಾಸ್ ಅಂತ ಕೈಗೆ ಕೊಟ್ವಿ, ಆಮೇಲೆ ವಾಪಸ್ ತಗೊಳ್ಳೋಕೇ ಆಗ್ಲಿಲ್ಲ. ಹತ್ತು ನಿಮಿಷ ಒಂದು ಲೆಕ್ಕದ ಮುಂದೆ ಕೂರೋ ತಾಳ್ಮೆನೇ ಹೋಗಿದೆ.

ಮಗ್ಗಿಪುಸ್ತಕ
ಮಗ್ಗಿ ಬಾಯಿಪಾಠ ಬಿಟ್ಟಿದ್ದೇ ಮೂಲ. 12ರ ತನಕ ಗಟ್ಟಿಯಾಗಿ ಹೇಳ್ಸಿ, ಭಾಗಾಕಾರ ತಾನಾಗೇ ಬರುತ್ತೆ. ನಾವೆಲ್ಲ ಕಲಿತಿದ್ದು ಹಾಗೇ.

ಸೀಮೆಸುಣ್ಣ
@ಮಗ್ಗಿಪುಸ್ತಕ ಸರ್, 7ರ ಮಗ್ಗಿ ಗಡಗಡ ಅಂತ ಹೇಳೋ ಹುಡುಗನ್ನ "56ರಲ್ಲಿ ಎಷ್ಟು 7 ಇದೆ" ಅಂದ್ರೆ ಸುಮ್ನೆ ನನ್ನ ಮುಖ ನೋಡ್ತಾನೆ. ಅದಕ್ಕೇ ಕೇಳ್ತಿರೋದು.

ಹಾಜರಿಪುಸ್ತಕ
ಮೇಡಂ, ಶಾಲೆಗಳಿಗೆ ಹೋಗಿ ಮಕ್ಕಳ ಮಟ್ಟ ನೋಡೋದು, ಟೀಚರ್‌ಗಳಿಗೆ ತರಬೇತಿ ಕೊಡೋದು ನನ್ನ ಕೆಲಸ, ಬಹಳ ವರ್ಷದಿಂದ. ಮೊದಲು ಮೂರು ಪ್ರಶ್ನೆ. ಪತ್ರಿಕೆ ಯಾವ ಕ್ಲಾಸಿನ ಮಟ್ಟದ್ದು? ಅದರಲ್ಲಿ ಹೊಂದಿಸಿ ಬರೆಯಿರಿ, ಸರಿ ಉತ್ತರ ಆರಿಸಿ ಅನ್ನೋ ಥರದ್ದು ಎಷ್ಟು ಅಂಕಕ್ಕಿತ್ತು? ಪರಿಹಾರ ಬೋಧನೆಗೆ ಬರದೇ ಇದ್ದ ಉಳಿದ 14 ಮಕ್ಕಳಿಗೂ ಎರಡನೇ ಸಲ ಪತ್ರಿಕೆ ಕೊಟ್ರಾ?

ಸೀಮೆಸುಣ್ಣ
ಸರ್, ಪತ್ರಿಕೆ ಐದನೇ ಕ್ಲಾಸಿನ ಮಟ್ಟದ್ದು. ಹೊಂದಿಸೋದು, ಆರಿಸೋದು ಸೇರಿ 10 ಅಂಕ. ಉಳಿದ 14 ಮಕ್ಕಳಿಗೂ ಕೊಟ್ಟೆ, ಅವರ ಸರಾಸರಿ 16 ಇದ್ದದ್ದು 18 ಆಯ್ತು. ಅವರಿಗೆ ನಾನೇನೂ ಹೆಚ್ಚಿಗೆ ಮಾಡಿರ್ಲಿಲ್ಲ.

ಹಾಜರಿಪುಸ್ತಕ
ಅಲ್ಲೇ ಸುಳಿವಿದೆ ನೋಡಿ. ಐದನೇ ಕ್ಲಾಸಿನ ಪತ್ರಿಕೆಯಲ್ಲಿ 6 ಅಂಕ ಬಂದ್ರೆ ಆ ಮಗುವಿಗೆ ಐದನೇ ಕ್ಲಾಸಿಂದು ಬರಲ್ಲ ಅಂತ ಮಾತ್ರ ಗೊತ್ತಾಗುತ್ತೆ. ಎಲ್ಲಿ ತನಕ ಬರುತ್ತೆ ಅನ್ನೋದು ಗೊತ್ತಾಗಲ್ಲ. ಎರಡನೇ ಕ್ಲಾಸಿನ ಮಟ್ಟದಲ್ಲಿರೋನೂ, ನಾಲ್ಕನೇ ಕ್ಲಾಸಿನ ಮಟ್ಟದಲ್ಲಿರೋನೂ ಇಬ್ರೂ 6 ತಗೊಂಡು ಪಕ್ಕಪಕ್ಕ ಕೂತಿರ್ತಾರೆ. ನೀವು ಇಬ್ರಿಗೂ ಒಂದೇ ಪಾಠ ಮಾಡಿದೀರಿ.

ಈಗ ಹೀಗೆ ಮಾಡಿ. ಒಬ್ಬೊಬ್ರನ್ನೇ ಕರೆದು ಪಕ್ಕದಲ್ಲಿ ಕೂರಿಸ್ಕೊಂಡು ಬಾಯಲ್ಲಿ ಕೇಳಿ, ಒಬ್ರಿಗೆ ಐದಾರು ನಿಮಿಷ ಸಾಕು. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯೋ ಅಸರ್ ಸಮೀಕ್ಷೆಯವರು ಮನೆಮನೆಗೆ ಹೋಗಿ ಮಾಡೋದೂ ಇದೇ ಥರ. ಶುರು ಮಾಡೋದು ನಡುವಿಂದ. ದಶಕ ತಗೊಂಡು ಕಳೆಯೋ ಎರಡಂಕಿ ಲೆಕ್ಕ ಎರಡು ಕೊಡಿ. ಎರಡೂ ಸರಿ ಮಾಡಿದ್ರೆ ಮೇಲಕ್ಕೆ ಹೋಗಿ ಮೂರಂಕಿ ಸಂಖ್ಯೆಯನ್ನ ಒಂದಂಕಿಯಿಂದ ಭಾಗಿಸೋಕೆ ಕೊಡಿ. ಆಗದಿದ್ರೆ ಕೆಳಗಿಳೀರಿ, 10ರಿಂದ 99ರ ಒಳಗಿನ ಐದು ಸಂಖ್ಯೆ ತೋರಿಸಿ ಓದಿಸಿ, ನಾಲ್ಕು ಸರಿ ಹೇಳಿದ್ರೆ ಅವರು ಆ ಮಟ್ಟ. ಅದೂ ಆಗ್ದಿದ್ರೆ 1ರಿಂದ 9. ಮಗು ಎಲ್ಲಿ ಗಟ್ಟಿಯಾಗಿ ನಿಲ್ಲುತ್ತೋ ಅದನ್ನ ಬರ್ಕೊಳ್ಳಿ, ಅಂಕ ಹಾಕ್ಬೇಡಿ. ತಪ್ಪು ಮಾಡಿದಾಗ ತಿದ್ಬೇಡಿ, "ಹೇಗೆ ಮಾಡ್ದೆ ಹೇಳು" ಅಂತ ಕೇಳಿ. ನಿಮಗೆ ಬೇಕಾಗಿರೋ ಉತ್ತರ ಮಗುವಿನ ಆ ಮಾತಲ್ಲೇ ಸಿಗುತ್ತೆ.

ನಾಗಾಲೋಟ
ಇಷ್ಟೆಲ್ಲ ಅಳೆಯೋದೇ ಬೇಡ ಸರ್, ನೂರಕ್ಕೆ 92 ಮಕ್ಕಳು ಕಲಿತಿದ್ದೆಲ್ಲ ಮರೆತಿದ್ದಾರೆ ಅಂತ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಧ್ಯಯನನೇ ಇದೆ. ಎಲ್ರಿಗೂ ಒಂದನೇ ಕ್ಲಾಸಿಂದ ಶುರು ಮಾಡಿದ್ರೆ ಆಯ್ತು.

ಅಂಕಿಸಂಕಿ
@ನಾಗಾಲೋಟ ಸಂಖ್ಯೆ ಸರಿ, ಅರ್ಥ ಸರಿ ಇಲ್ಲ. ಆ ಅಧ್ಯಯನ ನಡೆದಿದ್ದು 2021ರ ಜನವರಿಯಲ್ಲಿ, ಕರ್ನಾಟಕವೂ ಸೇರಿ ಐದು ರಾಜ್ಯದ 16,067 ಮಕ್ಕಳು. ಅವರು ಹೇಳಿದ್ದು, 92% ಮಕ್ಕಳು ಹಿಂದಿನ ವರ್ಷ ಬರ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನ ಕಳ್ಕೊಂಡಿದ್ದಾರೆ ಅಂತ. ಗಣಿತದಲ್ಲಿ 82%. ಕನಿಷ್ಠ ಒಂದು ಅನ್ನೋದಕ್ಕೂ ಎಲ್ಲಾ ಅನ್ನೋದಕ್ಕೂ ಅಜಗಜಾಂತರ. ಓದಿದ್ದನ್ನ ಸ್ವಂತ ಮಾತಲ್ಲಿ ಹೇಳೋಕೆ ಆಗದೇ ಇದ್ದ ಮಗು ಚೆನ್ನಾಗೇ ಅಕ್ಷರ ಓದ್ತಿರಬಹುದು, ಅದೂ ಆ 92ರಲ್ಲೇ ಬರುತ್ತೆ. ಎಲ್ರನ್ನೂ ಒಂದನೇ ಕ್ಲಾಸಿಗೆ ತಳ್ಳಿದ್ರೆ ಬರೋರ ಕಾಲವೂ ಹಾಳು.

ನಾಗಾಲೋಟ
ಸರಿ, ಕನಿಷ್ಠ ಒಂದು ಅನ್ನೋದನ್ನ ನಾನು ಗಮನಿಸಿರ್ಲಿಲ್ಲ. ಆದ್ರೂ 92 ದೊಡ್ಡ ಸಂಖ್ಯೆನೇ.

ಅಂಕಿಸಂಕಿ
ದೊಡ್ಡದೇ, ಅದರಲ್ಲಿ ಅನುಮಾನ ಇಲ್ಲ.

ಮೇಡಂ, ನಿಮ್ಮ ಲೆಕ್ಕಕ್ಕೆ ಬರ್ತೀನಿ. 22 ಮಕ್ಕಳು 6ರಿಂದ 12, ಅಂದ್ರೆ 6 ಅಂಕ ಏರಿದ್ರು. ಏನೂ ಮಾಡದ 14 ಮಕ್ಕಳೂ 2 ಅಂಕ ಏರಿದ್ರು. ಆ 2 ಅಂಕ ಬಂದಿದ್ದು ಮಾಮೂಲಿ ಕ್ಲಾಸಿಂದ, ಜೊತೆಗೆ ಪತ್ರಿಕೆ ಪರಿಚಯ ಆಗಿದ್ದರಿಂದ. ಅದನ್ನ ಕಳೆದ್ರೆ ನಿಮ್ಮ ಆರು ವಾರದ ಪಾಲು ಹೆಚ್ಚಂದ್ರೆ 4. ಅದರಲ್ಲೂ ಇನ್ನೊಂದು ತೊಡಕಿದೆ. ನೀವು ಆ 22 ಜನರನ್ನ ಆರಿಸಿದ್ದು ಒಂದೇ ದಿನದ ಪರೀಕ್ಷೆ ನೋಡಿ. ಅವತ್ತು ಜ್ವರ ಇದ್ದವನು, ಹೆದರಿ ಕೂತವಳು, ಪ್ರಶ್ನೆ ತಪ್ಪು ಓದ್ಕೊಂಡವನು, ಇಂಥವರೂ ಆ ಕೆಳಗಿನ ಗುಂಪಲ್ಲಿ ಸೇರಿರ್ತಾರೆ. ಇನ್ನೊಂದು ದಿನ ಕೊಟ್ರೆ ಅವರ ಅಂಕ ಪಾಠ ಇಲ್ಲದೇನೂ ಏರುತ್ತೆ. ತೀರಾ ಕೆಳಗಿನವರನ್ನ ಆರಿಸಿ ಮತ್ತೆ ಅಳೆದ್ರೆ ಯಾವಾಗ್ಲೂ ಸ್ವಲ್ಪ ಏರಿಕೆ ಪುಕ್ಕಟೆ ಸಿಗುತ್ತೆ. ಪರಿಹಾರ ಬೋಧನೆ ಮುಗಿದ ಮೇಲೆ ಕೊಡೋ ಸಾಫಲ್ಯ ಪರೀಕ್ಷೆಯ ವರದಿಗಳಲ್ಲಿ ಕಾಣೋ ಏರಿಕೆಯಲ್ಲಿ ಎಷ್ಟೋ ಭಾಗ ಇಂಥದ್ದೇ ಅಂತ ನನಗನ್ಸುತ್ತೆ.

ಎರಡು ಮಕ್ಕಳ ಅಪ್ಪ
ಅಂದ್ರೆ ಮೇಡಂ ಪಟ್ಟ ಕಷ್ಟ ದಂಡನಾ? ಹಾಗೆ ಹೇಳ್ಬೇಡಿ ಸರ್.

ಅಂಕಿಸಂಕಿ
ದಂಡ ಅಂತ ನಾನು ಹೇಳಿಲ್ಲ. ಸರಾಸರಿ ನೋಡಿ ಗೆದ್ವಿ ಅನ್ನೋಕಾಗಲ್ಲ, ಸೋತ್ವಿ ಅನ್ನೋಕೂ ಆಗಲ್ಲ, ಅಷ್ಟೇ. ಹಾಜರಿಪುಸ್ತಕ ಸರ್ ಹೇಳಿದ ಹಾಗೆ ಒಬ್ಬೊಬ್ರನ್ನೇ ನೋಡ್ಬೇಕು.

ಬೆಳ್ಳಿಮೋಡ
ನನ್ನ ಮಗಳು ಎರಡನೇ ಕ್ಲಾಸ್, 6 ಮತ್ತು 9 ಉಲ್ಟಾ ಬರೀತಾಳೆ. ಇದೂ ಕಲಿಕಾ ನಷ್ಟನಾ? ಯಾವ ಕೋರ್ಸಿಗೆ ಸೇರಿಸ್ಲಿ?

ಹಾಜರಿಪುಸ್ತಕ
@ಬೆಳ್ಳಿಮೋಡ ಇಲ್ಲಮ್ಮ, ಅವಳ ಶಾಲೆ ಮುಚ್ಚೇ ಇರ್ಲಿಲ್ಲ ಅಲ್ವಾ. ಈ ವಯಸ್ಸಲ್ಲಿ ಬಹಳ ಮಕ್ಕಳು ಹಾಗೆ ಬರೀತಾರೆ. ಬರೆಯೋದು ಬಿಟ್ಟು, ಒಂಬತ್ತು ವಸ್ತು ಎಣಿಸಿ ಕೊಡು ಅಂದ್ರೆ ಕೊಡ್ತಾಳಾ ನೋಡಿ. ಕೊಟ್ರೆ ಸದ್ಯಕ್ಕೆ ಚಿಂತೆ ಬೇಡ.

ಸೀಮೆಸುಣ್ಣ
ನಾಲ್ಕು ದಿನ ತಗೊಂಡು 22 ಮಕ್ಕಳನ್ನೂ ಕೂರಿಸಿ ಕೇಳಿದೆ. ಭಾಗಾಕಾರ ಬಂದಿದ್ದು ಒಬ್ಬಳಿಗೆ. ಕಳೆಯೋದರ ತನಕ ಬರೋರು 4. ಎರಡಂಕಿ ಸಂಖ್ಯೆ ಓದೋಕೆ ಬರುತ್ತೆ ಆದ್ರೆ ಕಳೆಯೋಕೆ ಬರಲ್ಲ ಅನ್ನೋರು 11. ಒಂದಂಕಿ ಮಾತ್ರ 5. ಅದೂ ಪಕ್ಕಾ ಇಲ್ಲದವನು ಒಬ್ಬ. ಇದು ಆರು ವಾರ ಕಲಿಸಿದ ಮೇಲೆ.

ಲಿಖಿತ ಪರೀಕ್ಷೆಯಲ್ಲಿ 15 ತಗೊಂಡ ಹುಡುಗ ಈ ಎರಡಂಕಿ ಗುಂಪಲ್ಲಿದಾನೆ. ಅವನ ಪತ್ರಿಕೆ ತೆಗೆದು ನೋಡಿದೆ, ಹೊಂದಿಸೋದು ಆರಿಸೋದರಲ್ಲೇ 9 ಬಂದಿದೆ.

ಒಂದು ಹುಡುಗಿ ಮಾತ್ರ ನನ್ನ ಕಣ್ಣು ತೆರೆಸಿದ್ಲು. 52ರಲ್ಲಿ 27 ಕಳಿ ಅಂದೆ. 35 ಬರೆದ್ಲು. ಹೇಗೆ ಮಾಡ್ದೆ ಅಂದ್ರೆ "7ರಲ್ಲಿ 2 ಹೋದ್ರೆ 5, 5ರಲ್ಲಿ 2 ಹೋದ್ರೆ 3" ಅಂದ್ಲು. ದೊಡ್ಡದರಿಂದ ಚಿಕ್ಕದನ್ನ ಕಳೆದಿದಾಳೆ, ಯಾವುದು ಮೇಲೆ ಯಾವುದು ಕೆಳಗೆ ಅನ್ನೋದೇ ಲೆಕ್ಕಕ್ಕಿಲ್ಲ. ಸರಿ ಅಂತ ಕಡ್ಡಿ ಕೊಟ್ಟು 52 ಎತ್ತಿಡು ಅಂದೆ. ಈ ಕಡೆ 5 ಕಡ್ಡಿ, ಆ ಕಡೆ 2 ಕಡ್ಡಿ ಇಟ್ಲು. ಒಟ್ಟು 7 ಕಡ್ಡಿ. "ಇದು ಐವತ್ತೆರಡಾ?" ಅಂದೆ. "ಹೂಂ ಮಿಸ್, ಐದು, ಎರಡು" ಅಂದ್ಲು.

ಆರು ವಾರ ನಾನು ಅವಳಿಗೆ "ಪಕ್ಕದ ಮನೆಯಿಂದ ದಶಕ ತಗೋ" ಅಂತ ಹೇಳ್ಕೊಡ್ತಿದ್ದೆ. ಅವಳ ಹತ್ರ ದಶಕ ಅನ್ನೋದೇ ಇರ್ಲಿಲ್ಲ.

ಇಳಿಸಂಜೆ
ಈ ಏಳು ಕಡ್ಡಿ ನಾನೂ ನೋಡಿದೀನಿ ಅಕ್ಕ. ಸಂಜೆ ಹೊತ್ತು ಸ್ವಯಂಸೇವಕಿಯಾಗಿ ಮಕ್ಕಳಿಗೆ ಹೇಳ್ಕೊಡ್ತೀನಿ. ಇನ್ನೊಂದು ಥರದವರೂ ಇರ್ತಾರೆ, ಅವರನ್ನ ಹಿಡಿಯೋದು ಇನ್ನೂ ಕಷ್ಟ. 52ರಿಂದ ಬೆರಳು ಮಡಚ್ತಾ ಒಂದೊಂದೇ ಹಿಂದಕ್ಕೆ ಎಣಿಸಿ 25 ಅಂತ ಸರಿ ಉತ್ತರನೇ ಕೊಡ್ತಾರೆ. ನಾವು ಟಿಕ್ ಹಾಕಿ ಮುಂದೆ ಹೋಗ್ತೀವಿ. 403ರಲ್ಲಿ 168 ಕಳಿ ಅಂದಾಗ ಬೆರಳು ಸಾಲದೆ ಕೂತ್ಬಿಡ್ತಾರೆ. ಅದಕ್ಕೇ ನಾನೀಗ ಉತ್ತರ ಸರಿ ಇದ್ರೂ ಹೇಗೆ ಮಾಡ್ದೆ ಅಂತ ಕೇಳೇ ಕೇಳ್ತೀನಿ.

ಹಾಜರಿಪುಸ್ತಕ
ಸೀಮೆಸುಣ್ಣ ಮೇಡಂ, ಈಗ ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ತು. ಇದನ್ನ ನಷ್ಟ ಅಂತ ಕರೆಯೋದೇ ನಮ್ಮನ್ನ ದಾರಿ ತಪ್ಪಿಸುತ್ತೆ. ಕೈಲಿದ್ದದ್ದು ಹೋದ್ರೆ ನಷ್ಟ. ಶಾಲೆ ಮುಚ್ಚಿದಾಗ ನಾಲ್ಕನೇ ಕ್ಲಾಸಲ್ಲಿದ್ದ ಮಗು ಕಳೆಯೋದನ್ನ ಕಲಿತು ಮರೆತಿತ್ತು. ನಿಮ್ಮ ಬ್ಯಾಚ್ ಹತ್ತರ ಕಟ್ಟನ್ನ ಕೈಯಲ್ಲಿ ಹಿಡಿದೇ ಇಲ್ಲ, ಅದು ನಡೀಬೇಕಿದ್ದ ವರ್ಷ ಅವರು ಮನೇಲಿದ್ರು. ಮರೆತವರಿಗೆ ಪುನರಾವರ್ತನೆ ಸಾಕು, ಒಂದೆರಡು ವಾರದಲ್ಲಿ ಪಟಪಟ ಅಂತ ವಾಪಸ್ ಬರುತ್ತೆ. ಕಲಿತೇ ಇಲ್ಲದವರಿಗೆ ಪುನರಾವರ್ತನೆ ಮಾಡಿದ್ರೆ ವಿಧಾನದ ಮಾತುಗಳು ಮಾತ್ರ ಬಾಯಿಗೆ ಬರುತ್ತೆ. ಯಾರು ಯಾವ ಥರ ಅಂತ ಮೊದಲ ಹತ್ತು ದಿನದ ವೇಗದಲ್ಲೇ ಗೊತ್ತಾಗುತ್ತೆ.

ಇನ್ಮೇಲೆ ಮೂರು ಗುಂಪು ಮಾಡಿ. ಒಂದಂಕಿಯೂ ಪಕ್ಕಾ ಇಲ್ಲದ ಆ ಒಬ್ಬ ಮತ್ತು ಒಂದಂಕಿಯ ಐವರು ಒಂದು ಗುಂಪು, ಎರಡಂಕಿಯ 11 ಜನ ಒಂದು, ಉಳಿದ ಐವರು ಒಂದು. ದಿನಾ ಒಂದು ಗಂಟೆ. ಮಧ್ಯದ ಗುಂಪಿಗೆ ಮೊದಲ ವಾರ ಲೆಕ್ಕ ಬರೆಸಲೇಬೇಡಿ. ಕಡ್ಡಿ ಎಣಿಸಿ ಹತ್ತರ ಕಟ್ಟು ಕಟ್ಟಲಿ, ಬಿಚ್ಚಲಿ. 52 ಅಂದ್ರೆ 5 ಕಟ್ಟು, 2 ಬಿಡಿ. ಅದರಿಂದ 27 ತೆಗಿ ಅಂದಾಗ 2 ಕಟ್ಟು ತೆಗೀತಾರೆ, ಆಮೇಲೆ 7 ಬಿಡಿ ಬೇಕು, ಇರೋದು 2. ಅಲ್ಲಿ ಸುಮ್ನೆ ಕಾಯಿರಿ. ಯಾರಾದ್ರೂ ಒಬ್ರು ಕಟ್ಟು ಬಿಚ್ತಾರೆ. ಆ ಬಿಚ್ಚೋದೇ ದಶಕ ತಗೊಳ್ಳೋದು ಅಂತ ಅವರಿಗೆ ಆಮೇಲೆ ಹೇಳಿ, ಮೊದಲೇ ಹೇಳ್ಬೇಡಿ. ಹತ್ತು ದಿನಕ್ಕೊಮ್ಮೆ ಹೊಸ ಹಾಳೆಯಲ್ಲಿ ಐದು ನಿಮಿಷ ನೋಡಿ, ದಾಟಿದವರನ್ನ ಅವತ್ತೇ ಮುಂದಿನ ಗುಂಪಿಗೆ ಕಳಿಸಿ.

ಮಗ್ಗಿಪುಸ್ತಕ
ಆರನೇ ಕ್ಲಾಸಿನ ಮಕ್ಕಳ ಕೈಗೆ ಕಡ್ಡಿ ಕೊಡೋದಾ? ಅವಮಾನ ಆಗಲ್ವಾ ಅವರಿಗೆ? ಪಕ್ಕದ ಗುಂಪಿನವರು ನೋಡಿ ದಡ್ಡರ ಗುಂಪು ಅಂತ ಕರೆಯಲ್ವಾ? ನಾನು ಚಿಕ್ಕವನಿದ್ದಾಗ ನಮ್ಮನ್ನ ಹಿಂದಿನ ಬೆಂಚಿಗೆ ಹಾಕಿದ್ರು, ಹತ್ತನೇ ಕ್ಲಾಸ್ ತನಕ ಆ ಹೆಸರು ಹೋಗ್ಲಿಲ್ಲ.

ಇಳಿಸಂಜೆ
ಸರ್, ನೀವು ಹೇಳ್ತಿರೋದು ನಿಜವಾದ ಭಯನೇ. ಹಿಂದಿನ ಬೆಂಚಿಗೆ ಹಾಕಿದ್ರೆ ಅಲ್ಲೇ ಇರ್ತಾರೆ. ಇಲ್ಲಿ ಒಂದು ಗಂಟೆ ಮಾತ್ರ ಗುಂಪು, ದಿನದ ಉಳಿದ ಹೊತ್ತು ಎಲ್ಲಾ ಒಟ್ಟಿಗೆ. ಹತ್ತು ದಿನಕ್ಕೆ ಗುಂಪು ಬದಲಾಗುತ್ತೆ. ಆದ್ರೆ ಮೂರು ಸಲ ಆದ್ರೂ ಬದಲಾಗದೇ ಉಳಿಯೋ ಒಂದಿಬ್ಬರು ಇರ್ತಾರಲ್ಲ, ಅವರಿಗೆ ಹಣೆಪಟ್ಟಿ ಅಂಟೇ ಅಂಟುತ್ತೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಬೇರೆ ಕ್ಲಾಸಿನ ಮಕ್ಕಳನ್ನೂ ಸೇರಿಸಿ ಗುಂಪು ಮಾಡಿದ್ರೆ ಸ್ವಲ್ಪ ಕಮ್ಮಿ ಅನ್ಸುತ್ತೆ.

ಪಾಠಯೋಜನೆ
ಎಲ್ಲಾ ಸರಿ, ಪಠ್ಯ ಯಾರು ಮುಗಿಸ್ತಾರೆ? ದಿನಾ ಒಂದು ಗಂಟೆ ಹೋದ್ರೆ ಭಿನ್ನರಾಶಿ, ದಶಮಾಂಶ, ಬೀಜಗಣಿತ ಎಲ್ಲಾ ಹಿಂದೆ ಬೀಳುತ್ತೆ. ಉಳಿದ 14 ಮಕ್ಕಳು ಏನು ತಪ್ಪು ಮಾಡಿದ್ರು? ಶಾಲೆ ತೆರೆದ ಮೇಲೆ ಮಕ್ಕಳು ನಿಧಾನಕ್ಕೆ ತಾವಾಗೇ ಹಿಡ್ಕೊಳ್ತಾರೆ ಅನ್ನೋದು ನನ್ನ ಅನುಭವ.

ಅಂಕಿಸಂಕಿ
ತಾವಾಗೇ ಹಿಡ್ಕೊಳ್ತಾರಾ ಅನ್ನೋದಕ್ಕೆ ಎರಡು ಕಡೆಯ ಸಾಕ್ಷಿ ಇದೆ, ಎರಡೂ ಒಂದಕ್ಕೊಂದು ವಿರುದ್ಧ.

2005ರ ಅಕ್ಟೋಬರಿನಲ್ಲಿ ಪಾಕಿಸ್ತಾನದ ಉತ್ತರ ಭಾಗದಲ್ಲಿ ದೊಡ್ಡ ಭೂಕಂಪ ಆಯ್ತು. ಅಲ್ಲಿ ಶಾಲೆಗಳು ಮುಚ್ಚಿದ್ದು ಸರಾಸರಿ 14 ವಾರ. ಆಂದ್ರಾಬಿ, ಡೇನಿಯಲ್ಸ್, ದಾಸ್ ಅನ್ನೋ ಸಂಶೋಧಕರು ನಾಲ್ಕು ವರ್ಷ ಆದ್ಮೇಲೆ ಹೋಗಿ ಅಳೆದ್ರು. ಭೂಕಂಪದಲ್ಲಿ ನೆಲ ಬಿರುಕು ಬಿಟ್ಟ ಜಾಗದ ಹತ್ತಿರ ಇದ್ದ ಮಕ್ಕಳು ದೂರದವರಿಗಿಂತ ಸುಮಾರು ಒಂದೂವರೆ ವರ್ಷದ ಕಲಿಕೆಯಷ್ಟು ಹಿಂದಿದ್ರು. ಮುಚ್ಚಿದ್ದು ಮೂರು ತಿಂಗಳಿಗಿಂತ ಸ್ವಲ್ಪ ಜಾಸ್ತಿ, ಹಿಂದೆ ಬಿದ್ದಿದ್ದು ಒಂದೂವರೆ ವರ್ಷ. ಅಂದ್ರೆ ಕಂದಕ ಬೆಳೆದಿದ್ದು ಬಹುಪಾಲು ಶಾಲೆ ತೆರೆದ ಮೇಲೆ. ಪಾಠ ಮುಂದೆ ಮುಂದೆ ಹೋಯ್ತು, ಮಗು ಅರ್ಥ ಆಗದ ಪಾಠದಲ್ಲಿ ಕೂತಿತ್ತು ಅನ್ನೋದು ಅದಕ್ಕೆ ಕೊಡೋ ವಿವರಣೆ. ತಾಯಿ ಪ್ರಾಥಮಿಕ ಶಾಲೆಯಾದ್ರೂ ಮುಗಿಸಿದ್ದ ಮನೆಗಳಲ್ಲಿ ಈ ಹಿನ್ನಡೆ ಕಾಣಲಿಲ್ಲ.

ಇನ್ನೊಂದು ಕಡೆ ತಮಿಳುನಾಡು. ಅಲ್ಲಿ 2019ರಲ್ಲೇ ಹಳ್ಳಿ ಮಕ್ಕಳನ್ನ ಅಳೆದಿಟ್ಟಿದ್ರು, ಅದೇ ಊರುಗಳಿಗೆ 2021ರ ಡಿಸೆಂಬರಿನಲ್ಲಿ ಮತ್ತೆ ಹೋದ್ರು. ಗಣಿತದಲ್ಲಿ ಹಿನ್ನಡೆ ಭಾಷೆಯದಕ್ಕಿಂತ ಸುಮಾರು ಎರಡರಷ್ಟಿತ್ತು. ಆದ್ರೆ ಶಾಲೆ ತೆರೆದು ಆರು ತಿಂಗಳಲ್ಲಿ ಹಿನ್ನಡೆಯ ಮೂರನೇ ಎರಡು ಭಾಗ ವಾಪಸ್ ಬಂತು. ಆ ಚೇತರಿಕೆಯಲ್ಲಿ ಸುಮಾರು ಕಾಲು ಭಾಗ 'ಇಲ್ಲಂ ತೇಡಿ ಕಲ್ವಿ' ಅನ್ನೋ ಸಂಜೆ ತರಗತಿಗಳಿಂದ, ಸ್ವಯಂಸೇವಕರು ನಡೆಸಿದ್ದು.

ಪಾಠಯೋಜನೆ
ನೋಡಿ, ಮುಕ್ಕಾಲು ಭಾಗ ಮಾಮೂಲಿ ಶಾಲೆಯಿಂದಲೇ ಬಂತಲ್ಲ. ನಾನು ಹೇಳಿದ್ದೂ ಅದೇ.

ಅಂಕಿಸಂಕಿ
ಬಂದಿದ್ದು ನಿಜ, ಅದನ್ನ ಒಪ್ತೀನಿ. ಆದ್ರೆ ಮೊದಲ ಆರು ತಿಂಗಳಲ್ಲಿ ಬೇಗ ವಾಪಸ್ ಬಂದಿದ್ದರಲ್ಲಿ ಬಹಳಷ್ಟು ಮರೆತಿದ್ದದ್ದು ನೆನಪಾಗಿದ್ದೇ ಇರಬೇಕು ಅಂತ ನನ್ನ ಊಹೆ. ಉಳಿದ ಮೂರನೇ ಒಂದು ಭಾಗ ಮೇಡಂ ಕ್ಲಾಸಿನ ಆ ಏಳು ಕಡ್ಡಿ ಥರದ್ದು. ಊಹೆ ಅಷ್ಟೇ, ಸಾಬೀತು ಮಾಡೋಕೆ ನನ್ನ ಹತ್ರ ಏನೂ ಇಲ್ಲ.

ನಾಗಾಲೋಟ
ಆದ್ರೆ ಅಸರ್ ವರದಿ ಪ್ರಕಾರ 2024ರಲ್ಲಿ ಎಲ್ಲಾ ಮೊದಲಿನ ಮಟ್ಟಕ್ಕೆ ಬಂದಿದೆಯಲ್ಲ? ಮೂರನೇ ಕ್ಲಾಸಿನ ಓದು 2018ರಲ್ಲಿ ನೂರಕ್ಕೆ 27, 2022ರಲ್ಲಿ 20ಕ್ಕೆ ಇಳೀತು, 2024ರಲ್ಲಿ ಮತ್ತೆ 27. ಈ ಸಲ ಸಂಖ್ಯೆ ಸರಿಯಾಗಿ ನೋಡ್ಕೊಂಡೇ ಹಾಕಿದೀನಿ.

ಅಂಕಿಸಂಕಿ
ಸಂಖ್ಯೆ ಸರಿ ಇದೆ, ಎರಡನೇ ಕ್ಲಾಸಿನ ಪಠ್ಯವನ್ನ ಸಲೀಸಾಗಿ ಓದೋ ಮೂರನೇ ಕ್ಲಾಸಿನವರ ಪ್ರಮಾಣ ಅದು. ಆದ್ರೆ ಒಂದು ಯೋಚನೆ ಮಾಡಿ. 2024ರಲ್ಲಿ ಮೂರನೇ ಕ್ಲಾಸಲ್ಲಿದ್ದ ಮಗುವಿಗೆ 2020ರಲ್ಲಿ ನಾಲ್ಕು ವರ್ಷ. ಅದು ಶಾಲೆ ತಪ್ಪಿಸ್ಕೊಂಡ ಮಗುನೇ ಅಲ್ಲ. ಅಸರ್ ಪ್ರತಿ ಸಲ ಅದೇ ಕ್ಲಾಸನ್ನ ನೋಡುತ್ತೆ, ಅದೇ ಮಗುವನ್ನಲ್ಲ. ಮೂರನೇ ಕ್ಲಾಸ್ ಚೇತರಿಸಿಕೊಂಡಿದೆ ಅಂದ್ರೆ ಹೊಸ ಮಕ್ಕಳು ಮೊದಲಿನ ಮಟ್ಟದಲ್ಲಿದ್ದಾರೆ ಅಂತ. 2022ರಲ್ಲಿ 20ಕ್ಕೆ ಇಳಿದಿದ್ರಲ್ಲ, ಆ ಮಕ್ಕಳು ಏನಾದ್ರು ಅಂತ ನೋಡ್ಬೇಕಂದ್ರೆ 2024ರ ಐದನೇ ಕ್ಲಾಸ್ ನೋಡ್ಬೇಕು. ಅಲ್ಲಿ ನೂರಕ್ಕೆ ಸುಮಾರು 49 ಜನ ಅದೇ ಪಠ್ಯ ಓದ್ತಾರೆ, 2018ರ ಐದನೇ ಕ್ಲಾಸಲ್ಲಿ 50ರ ಆಸುಪಾಸು. ಓದಿನಲ್ಲಿ ಹೆಚ್ಚುಕಮ್ಮಿ ಹತ್ತಿರ ಬಂದಿದ್ದಾರೆ, ಆದ್ರೆ ಅರ್ಧ ಕ್ಲಾಸ್ ಮೊದಲೂ ಓದ್ತಿರ್ಲಿಲ್ಲ, ಈಗಲೂ ಓದ್ತಿಲ್ಲ. ಸೀಮೆಸುಣ್ಣ ಮೇಡಂ ಕ್ಲಾಸಿರೋದು ಇದೇ ಬ್ಯಾಚು.

ಹಾಜರಿಪುಸ್ತಕ
ಇದನ್ನ ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್ ಸರ್. ತರಬೇತಿಗಳಲ್ಲಿ "ಚೇತರಿಕೆ ಮುಗೀತು" ಅಂತ ಹೇಳೋರಿಗೆ ನಾನು ಇದನ್ನೇ ಹೇಳೋಕೆ ಒದ್ದಾಡ್ತಿದ್ದೆ. ಮಕ್ಕಳು ಪಕ್ಕದ ಮನೆಗೆ ಹೋದ ಹಾಗೆ ಕ್ಲಾಸ್ ದಾಟಿ ಹೋಗ್ತಾರೆ, ಕೊರತೆಯನ್ನೂ ಜೊತೆಗೇ ಹೊತ್ಕೊಂಡು ಹೋಗ್ತಾರೆ.

ಹೈಸ್ಕೂಲ್ ಮೇಷ್ಟ್ರು
ಹಾಗೆ ಹೊತ್ಕೊಂಡು ಬರೋದು ನನ್ನ ಹತ್ರಕ್ಕೇ. ನನ್ನ ಕ್ಲಾಸಿನ ಮಕ್ಕಳಿಗೆ ಋಣ ಸಂಖ್ಯೆ, ಸಮೀಕರಣ ಕಲಿಸ್ಬೇಕು. ಕಡ್ಡಿ ಕಟ್ಟು ಹತ್ತರ ತನಕ ಸರಿ, ಇಲ್ಲಿಗೆ ಯಾರ ಹತ್ರ ಏನಿದೆ? ಹೀಗೆ ಮಟ್ಟ ನೋಡಿ ಗುಂಪು ಮಾಡಿ ಕಲಿಸೋದರ ಬಗ್ಗೆ ಓದಿದ್ದೆಲ್ಲ ಮೂರರಿಂದ ಐದನೇ ಕ್ಲಾಸಿನ ಕಥೆ. ನನಗೆ ವಾರಕ್ಕೆ ಸಿಗೋದು ಆರು ಪೀರಿಯಡ್.

ಇಳಿಸಂಜೆ
ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಇಲ್ಲಿ ಯಾರ ಹತ್ರನಾದ್ರೂ ಉತ್ತರ ಇದ್ರೆ ನಾನೂ ಕಾಯ್ತಿದೀನಿ.

ಸೀಮೆಸುಣ್ಣ
ಐದು ವಾರ ಆಯ್ತು, ಹೇಳಿದ ಹಾಗೇ ಮಾಡಿದೆ. ಪಕ್ಕದ ಐದನೇ ಕ್ಲಾಸಿನ ಮಕ್ಕಳನ್ನೂ ಸೇರಿಸ್ಕೊಂಡ್ವಿ, ಅವರ ಟೀಚರ್ ಒಂದು ಗುಂಪು ತಗೊಂಡ್ರು. ಪ್ರತಿ ಸಲ ಹೊಸ ಹಾಳೆ. ಕೊನೇ ಸಲ ನಾನು ಕೇಳೋ ಬದಲು ಅವರ ಕೈಲಿ ನನ್ನ ಮಕ್ಕಳನ್ನ ಕೇಳಿಸಿದೆ, ನಾನಾದ್ರೆ ಮುಖಭಾವದಲ್ಲೇ ಉತ್ತರ ಹೇಳ್ಬಿಡ್ತೀನಿ ಅನ್ನಿಸ್ತು.

ನನ್ನ ಮಕ್ಕಳಲ್ಲಿ ಈಗ ಭಾಗಾಕಾರ 6, ಕಳೆಯೋದು 7, ಎರಡಂಕಿ 6, ಒಂದಂಕಿ 2. ಕಟ್ಟು ಬಿಚ್ಚೋದು ಬಂದ ಮೇಲೆ ಕಳೆಯೋ ಲೆಕ್ಕಕ್ಕೆ ನಾಲ್ಕೇ ದಿನ ಹಿಡೀತು, ಮೊದಲು ಆರು ವಾರದಲ್ಲಿ ಆಗದೇ ಇದ್ದದ್ದು. ಆ ಏಳು ಕಡ್ಡಿ ಹುಡುಗಿ 403ರಲ್ಲಿ 168 ಕಳೆಯೋಕೆ ನೂರರ ಕಟ್ಟು ಬಿಚ್ಚಿ ಹತ್ತರ ಹತ್ತು ಕಟ್ಟು ಮಾಡಿದ್ಲು, ಆಮೇಲೆ ಅದರಲ್ಲೊಂದು ಬಿಚ್ಚಿದ್ಲು. 235 ಅಂತ ಬರೆದು ನನ್ನ ಕಡೆ ನೋಡ್ಲೂ ಇಲ್ಲ, ಸರಿ ಅಂತ ಅವಳಿಗೇ ಗೊತ್ತಿತ್ತು.

ಭಾಗಾಕಾರದಲ್ಲಿ ಹೊಸ ತಪ್ಪು ಕಂಡಿದೆ. 618ನ್ನ 6ರಿಂದ ಭಾಗಿಸು ಅಂದ್ರೆ ಮೂರು ಜನ 13 ಬರೆದಿದಾರೆ. 1ರಲ್ಲಿ 6 ಹೋಗಲ್ಲ ಅಂತ ಸೊನ್ನೆ ಹಾಕ್ದೇ ದಾಟ್ಬಿಟ್ಟಿದಾರೆ.

ಹಾಜರಿಪುಸ್ತಕ
ಒಳ್ಳೇ ತಪ್ಪು ಅದು, ಒಳ್ಳೇ ಮಟ್ಟಕ್ಕೆ ಬಂದಿದಾರೆ ಅಂತ ಅರ್ಥ. ಸೊನ್ನೆ ಹಾಕು ಅಂತ ನಿಯಮ ಹೇಳ್ಬೇಡಿ. 618 ಕಡ್ಡಿ ಆರು ಜನಕ್ಕೆ ಹಂಚಿದ್ರೆ ಒಬ್ಬೊಬ್ಬರಿಗೆ ನೂರಕ್ಕಿಂತ ಜಾಸ್ತಿ ಬರುತ್ತಾ ಕಮ್ಮಿ ಬರುತ್ತಾ ಅಂತ ಮೊದಲೇ ಅಂದಾಜು ಕೇಳಿ. ನೂರರ ಆರು ಕಟ್ಟು ಒಬ್ಬೊಬ್ಬರಿಗೆ ಒಂದೊಂದು ಹೋಯ್ತಲ್ಲ. ಆಮೇಲೆ 13 ಬರೆದ್ರೆ ಅವರಿಗೇ ಕಣ್ಣಿಗೆ ಹೊಡೆಯುತ್ತೆ.

ಅಂಕಿಸಂಕಿ
ಮೇಡಂ, ಕೂಡಿದ್ರೆ 21 ಆಗ್ತಿದೆ. 22 ಇರ್ಬೇಕಲ್ಲ?

ಸೀಮೆಸುಣ್ಣ
ಒಬ್ಬ ಹುಡುಗ ಮೂರು ವಾರದಿಂದ ಬರ್ತಿಲ್ಲ ಸರ್. ಮನೆಯವರು ಕೆಲಸಕ್ಕೆ ಅಂತ ಬೇರೆ ಊರಿಗೆ ಹೋಗಿದಾರೆ, ಅವನೂ ಹೋಗಿದಾನೆ. ಮೊದಲ ಸಲ ಒಂದಂಕಿಯೂ ಪಕ್ಕಾ ಇರ್ಲಿಲ್ಲ ಅಂದಿದ್ನಲ್ಲ, ಅವನೇ.

ಅಂಕಿಸಂಕಿ
ಹಾಗಾದ್ರೆ ಅವನನ್ನ ಬಿಟ್ಟು ಲೆಕ್ಕ ಬರೀಬೇಡಿ. ಕೊನೇ ಪರೀಕ್ಷೆ ದಿನ ಇಲ್ಲದೇ ಇರೋರು ಹೆಚ್ಚಾಗಿ ತೀರಾ ಕೆಳಗಿನವರೇ ಆಗಿರ್ತಾರೆ, ಅವರನ್ನ ಬಿಟ್ರೆ ಸಾಧನೆ ತಾನಾಗೇ ಚೆಂದ ಕಾಣುತ್ತೆ. 22 ಅಂತಲೇ ಇಟ್ಟು, ಒಬ್ಬನ ಮಟ್ಟ ಗೊತ್ತಿಲ್ಲ ಅಂತ ಬರೀರಿ. ಇನ್ನೊಂದು, ಈಗ ಗುಂಪು ನಿಲ್ಲಿಸಿದ್ರೆ ನಾಲ್ಕು ವಾರ ಬಿಟ್ಟು, ಏನೂ ನೆನಪು ಮಾಡಿಸದೇ, ಮತ್ತೊಂದು ಹೊಸ ಹಾಳೆಯಲ್ಲಿ ಅಳೀರಿ. ಆಗ ಉಳಿದಿದ್ದೇ ನಿಜವಾಗಿ ವಾಪಸ್ ಬಂದಿದ್ದು.

ಪಾಠಯೋಜನೆ
ಪಠ್ಯ ಎಷ್ಟು ಹಿಂದೆ ಬಿತ್ತು ಮೇಡಂ? ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳ್ತಿದೀನಿ.

ಸೀಮೆಸುಣ್ಣ
ಎರಡು ಅಧ್ಯಾಯ ಹಿಂದಿದೀನಿ ಸರ್. ಅದರ ಬಗ್ಗೆ ಪ್ರಶ್ನೆ ಬಂದೇ ಬರುತ್ತೆ, ಏನು ಹೇಳೋದು ಅಂತ ಇನ್ನೂ ಯೋಚ್ನೆ ಮಾಡಿಲ್ಲ. ಭಿನ್ನರಾಶಿ ನಾಳೆಯಿಂದ ಮತ್ತೆ ಶುರು ಮಾಡ್ತೀನಿ, ಎರಡಂಕಿಯಲ್ಲೇ ಇರೋ ಆರು ಜನರನ್ನ ಏನು ಮಾಡ್ಲಿ ಅನ್ನೋದೇ ತಲೇಲಿದೆ. ಒಂದಂಕಿ ಗುಂಪಿನ ಇಬ್ಬರಲ್ಲಿ ಒಬ್ಬಳು ಬೋರ್ಡ್ ನೋಡುವಾಗ ಕಣ್ಣು ಕಿರಿದು ಮಾಡ್ತಾಳೆ, ಮೊದಲು ಕಣ್ಣು ಪರೀಕ್ಷೆ ಮಾಡಿಸಿ ಅಂತ ಅವಳ ಅಮ್ಮನಿಗೆ ಹೇಳಿದೀನಿ. ಆ ಹುಡುಗನ ಅಪ್ಪನ ನಂಬರ್ ಸಿಕ್ಕಿದೆ, ಸಂಜೆ ಫೋನ್ ಮಾಡ್ತೀನಿ.

ಇಳಿಸಂಜೆ
ಅಕ್ಕ, ಫೋನಲ್ಲೂ ಸ್ವಲ್ಪ ಆಗುತ್ತೆ. ಬೋಟ್ಸ್‌ವಾನಾದಲ್ಲಿ ಶಾಲೆ ಮುಚ್ಚಿದಾಗ ವಾರಕ್ಕೊಂದು ಮೆಸೇಜಲ್ಲಿ ಲೆಕ್ಕ ಕಳಿಸಿ, ಜೊತೆಗೆ ಫೋನ್ ಮಾಡಿ ಮಗುವಿನ ಹತ್ರ ಮಾತಾಡಿಸಿದ್ರು, ಮಕ್ಕಳ ಲೆಕ್ಕ ಸುಧಾರಿಸ್ತು. ಬರೀ ಮೆಸೇಜ್ ಕಳಿಸಿದ್ದಕ್ಕಿಂತ ಫೋನೂ ಸೇರಿದಾಗ ಜಾಸ್ತಿ ಉಪಯೋಗ ಆಯ್ತು. ಅಪ್ಪನ ಹತ್ರ ಮಾತಾಡಿ ಇಟ್ಬಿಡ್ಬೇಡಿ, ಹುಡುಗನ ಕೈಗೇ ಫೋನ್ ಕೊಡಿಸಿ. ಹತ್ತು ಕಡ್ಡಿ ಹುಡುಕಿ ಇಟ್ಕೊಂಡಿರು ಅಂತ ಹೇಳಿ.

ಸೀಮೆಸುಣ್ಣ
ಸರಿ. ಏಳು ಗಂಟೆ ಮೇಲೆ ಮಾಡ್ತೀನಿ, ಆಗ ಅವರು ಕೆಲಸದಿಂದ ಬಂದಿರ್ತಾರೆ.